‘ಗ್ಯಾಸ್ಟ್ರಿಕ್’ ಎಂದು ಬಂದ ಎದೆನೋವು: ಒಂದು ಕೇಸ್ ಶೀಟಿನ ಸುತ್ತ

ನಮ್ಮ ಸಕಲೇಶಪುರದ ಕಡೆ ಎದೆಯ ಕೆಳಭಾಗದಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಏನೇ ನೋವು ಬಂದರೂ ಅದಕ್ಕೆ ಮೊದಲು ಸಿಗುವ ಹೆಸರು ಗ್ಯಾಸ್ಟ್ರಿಕ್. ಜೀರಿಗೆ ಕಷಾಯ ಆಗುತ್ತದೆ, ಸೋಡಾ ಆಗುತ್ತದೆ, ಮೆಡಿಕಲ್ ಅಂಗಡಿಯ ಮಾತ್ರೆಯೂ ಆಗುತ್ತದೆ. ಆಸ್ಪತ್ರೆ ನೆನಪಾಗುವುದು ಅದೆಲ್ಲ ಮುಗಿದ ಮೇಲೆ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ನೋವೇ ಇಲ್ಲದವರೂ ಇಸಿಜಿಗೆಂದು ಸಾಲು ನಿಂತರು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬೆವರುವವರು ಈಗಲೂ ತಡವಾಗಿಯೇ ಬರುತ್ತಾರೆ. ತಾಲ್ಲೂಕು ಮಟ್ಟದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಟಾಫ್ ನರ್ಸ್ ಆಗಿರುವ ನನಗೆ ಹೆಚ್ಚು ಆತಂಕ ತರುವುದು ಇವರೇ. ಹೃದಯದ ಕೆಳಗೋಡೆಗೆ, ಅಂದರೆ ವಪೆಯ ಮೇಲೆ ಒರಗಿರುವ ಭಾಗಕ್ಕೆ ರಕ್ತ ನಿಂತಾಗ ನೋವು ಹೊಟ್ಟೆಯ ನೋವಿನಂತೆಯೇ ಇರಬಹುದು. ವೇಗಸ್ ನರ ಕೆರಳಿ ವಾಕರಿಕೆ, ವಾಂತಿ, ನಿಧಾನವಾದ ನಾಡಿ ಜೊತೆಗೂಡುತ್ತವೆ. ಗ್ಯಾಸ್ಟ್ರಿಕ್ ಎನ್ನಲು ರೋಗಿಗೆ ಇಷ್ಟು ಸಾಕು.

ಅಂಥ ಒಬ್ಬರ ವಿವರವನ್ನು, ಗುರುತು ಸಿಗದಂತೆ ಸ್ವಲ್ಪ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಕಾಫಿ ತೋಟವೊಂದರ ರೈಟರ್, ಐವತ್ತೆರಡು ವರ್ಷ, ಬೀಡಿ ಸೇದುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು. ಬೆಳಿಗ್ಗೆ 9.10ಕ್ಕೆ ಜೀಪಿನಲ್ಲಿ ಬಂದರು. ದಾರಿಯಲ್ಲಿ ಒಂದು ಕ್ಲಿನಿಕ್‌ನಲ್ಲಿ ನೋವಿಗೆಂದು ಸೊಂಟದ ಹಿಂಭಾಗಕ್ಕೆ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು.

ಎದೆನೋವಿನವರು ಬಂದರೆ ಹತ್ತು ನಿಮಿಷದೊಳಗೆ ಮೊದಲ ಇಸಿಜಿ ಆಗಬೇಕು. ಹಾಗಾಗಿ ನಾನು ಕೇಳುವುದೆಲ್ಲ ಎಲೆಕ್ಟ್ರೋಡ್ ಅಂಟಿಸುತ್ತಲೇ. “ನೋವು ಇದೆಯೇ?” ಎಂದು ಕೇಳುವುದಿಲ್ಲ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಮತ್ತು ಎಷ್ಟೋ ಹೆಂಗಸರು “ನೋವಿಲ್ಲ, ಒಂದು ಥರಾ ಬಿಗಿ” ಎನ್ನುತ್ತಾರೆ, ನಾವು ‘ನೋವಿಲ್ಲ’ ಎಂದು ಬರೆದುಬಿಡುತ್ತೇವೆ. “ಅಣ್ಣ, ಏನಾಗುತ್ತಿದೆ, ಎಲ್ಲಿ ಎಂದು ಕೈಯಿಂದ ತೋರಿಸಿ” ಎಂದೆ. ಅವರು ಒಂದು ಬೆರಳಿನಿಂದ ತೋರಿಸಲಿಲ್ಲ. ಇಡೀ ಅಂಗೈಯನ್ನು ಎದೆಗುಂಡಿಗೆಯ ಕೆಳಗೆ ಒತ್ತಿ ಹಿಡಿದರು. “ಇಲ್ಲಿ ಕಲ್ಲು ಇಟ್ಟ ಹಾಗೆ, ಸಿಸ್ಟರ್. ದವಡೆ ಸೆಳೆಯುತ್ತಿದೆ.” ಆ ಮಾತನ್ನು ಹಾಗೆಯೇ ಬರೆದುಕೊಂಡೆ. ‘ಹೊಟ್ಟೆನೋವು’ ಎಂದು ಒಂದೇ ಪದದಲ್ಲಿ ಬರೆದಿದ್ದರೆ ಮುಂದೆ ಓದುವ ವೈದ್ಯರಿಗೆ ದವಡೆಯ ಸೆಳೆತ ಗೊತ್ತಾಗುತ್ತಲೇ ಇರಲಿಲ್ಲ.

ನೋವು ಶುರುವಾದ ಹೊತ್ತನ್ನು ಗಡಿಯಾರ ಹಿಡಿದು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. “ಬೆಳಿಗ್ಗೆಯಿಂದ” ಎನ್ನುತ್ತಾರೆ. “ಆಳುಗಳ ಹಾಜರಿ ತೆಗೆದುಕೊಳ್ಳುವ ಮೊದಲೋ ಆಮೇಲೋ?” ಎಂದು ಅವರ ಕೆಲಸಕ್ಕೆ ಹೊಂದಿಸಿ ಕೇಳಿದೆ. ಹೆಂಡತಿ ಉತ್ತರಿಸಿದರು: “ಇಲ್ಲಮ್ಮ, ಹಂಡೆಗೆ ಸೌದೆ ಹಾಕಿ ಬಂದು ಕುಳಿತರು, ಆಗಲೇ ಬೆವತುಹೋದರು. ಆರೂವರೆ ಇರಬೇಕು.” ರಕ್ತನಾಳದ ಹೆಪ್ಪು ಕರಗಿಸುವ ಔಷಧ ಕೊಡಬಹುದೇ ಎಂಬ ನಿರ್ಧಾರ ನಿಲ್ಲುವುದು ಈ ಸಮಯದ ಮೇಲೆ. ಹನ್ನೆರಡು ಗಂಟೆಯೊಳಗೆ ಕೊಡಬಹುದಾದರೂ ಮೊದಲ ಮೂರು ಗಂಟೆಯಲ್ಲಿ ಸಿಗುವ ಫಲ ಆಮೇಲೆ ಸಿಗುವುದಿಲ್ಲ. ಇವರಿಗೆ ಆಗಲೇ ಎರಡೂ ಮುಕ್ಕಾಲು ಗಂಟೆ ಆಗಿತ್ತು.

9.16ಕ್ಕೆ ಇಸಿಜಿ ಕೈಗೆ ಬಂತು. ಕಾಗದದಲ್ಲಿ ನಾನು ಮೊದಲು ನೋಡುವುದು ಲೀಡ್ ಎರಡು, ಮೂರು ಮತ್ತು ಎವಿಎಫ್. ಈ ಮೂರೂ ಹೃದಯವನ್ನು ಕೆಳಗಿನಿಂದ ನೋಡುತ್ತವೆ. ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಾದರೂ ಗೆರೆಯ ಎಸ್‌ಟಿ ಎಂಬ ಭಾಗ ಒಂದು ಸಣ್ಣ ಚೌಕದಷ್ಟು, ಅಂದರೆ ಒಂದು ಮಿಲಿಮೀಟರ್ ಮೇಲೇರಿದ್ದರೆ ಕೆಳಗೋಡೆಯ ಹೃದಯಾಘಾತವನ್ನು ಶಂಕಿಸಬೇಕು. ಇವರಿಗೆ ಮೂರನೇ ಲೀಡ್‌ನಲ್ಲಿ ಮೂರು ಚೌಕ, ಎರಡನೆಯದರಲ್ಲಿ ಎರಡು. ಎರಡಕ್ಕಿಂತ ಮೂರರಲ್ಲಿ ಏರಿಕೆ ಹೆಚ್ಚಿದ್ದರೆ ಬಲ ಕರೋನರಿ ರಕ್ತನಾಳವೇ ಮುಚ್ಚಿರುವ ಸಂಭವ ಹೆಚ್ಚು. ಕಣ್ಣು ಮುಂದೆ ಹೋಗಬೇಕಾದದ್ದು ಎವಿಎಲ್‌ಗೆ. ಅದು ಮೂರನೇ ಲೀಡ್‌ಗೆ ಹೆಚ್ಚುಕಡಿಮೆ ಎದುರು ದಿಕ್ಕಿನಿಂದ ನೋಡುವುದರಿಂದ ಇಲ್ಲಿ ಏರಿದ್ದು ಅಲ್ಲಿ ಇಳಿದು ಕಾಣುತ್ತದೆ. ಎಷ್ಟೋ ಸಲ ಕೆಳಗಿನ ಲೀಡ್‌ಗಳಲ್ಲಿ ಏರಿಕೆ ಇನ್ನೂ ಅರೆಬರೆ ಇರುವಾಗಲೇ ಎವಿಎಲ್ ಕುಸಿದಿರುತ್ತದೆ. ಹೊಸದಾಗಿ ಬರುವ ನರ್ಸ್‌ಗಳಿಗೆ ನಾನು ಹಠ ಹಿಡಿದು ತೋರಿಸುವ ಲೀಡ್ ಇದು.

ಮೊದಲ ಇಸಿಜಿ ಸರಿಯಾಗಿದ್ದರೆ ಮನೆಗೆ ಕಳಿಸಬಹುದೇ? ಕೂಡದು. ಬದಲಾವಣೆ ಮೂಡಲು ಹೊತ್ತು ಹಿಡಿಯಬಹುದು, ಹೃದಯಕ್ಕೆ ಗಾಯವಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ಮೊದಲ ಕೆಲವು ಗಂಟೆಗಳಲ್ಲಿ ಏರಿರದೆ ಇರಬಹುದು. ನೋವು ಉಳಿದಿದ್ದರೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಎದೆಯ ಮೇಲೆ ಎಲೆಕ್ಟ್ರೋಡ್ ಇಟ್ಟ ಜಾಗಗಳನ್ನು ಪೆನ್ನಿನಿಂದ ಗುರುತು ಮಾಡಿಟ್ಟರೆ ಒಂದು ಕಾಗದವನ್ನು ಇನ್ನೊಂದಕ್ಕೆ ಹೋಲಿಸಲು ಬರುತ್ತದೆ.

ಈ ಕೇಸಿನಲ್ಲಿ ನನ್ನ ಗಮನ ಹಿಡಿದದ್ದು ರಕ್ತದೊತ್ತಡ. 92/60, ನಾಡಿ 52, ಕುತ್ತಿಗೆಯ ರಕ್ತನಾಳ ಉಬ್ಬಿತ್ತು, ಎರಡೂ ಶ್ವಾಸಕೋಶ ಶುಭ್ರ. ಎದೆನೋವು ಎಂದ ಕೂಡಲೇ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಇಡುವ ರೂಢಿ ಎಲ್ಲ ಕಡೆ ಇದೆ. ಇಂಥವರಿಗೆ ಅದು ಅಪಾಯ. ಬಲ ಕರೋನರಿ ಮುಚ್ಚಿದಾಗ ಹೃದಯದ ಬಲ ಹೃತ್ಕುಕ್ಷಿಯೂ ಸೋತಿರಬಹುದು. ಆಗ ಅದು ಮರಳಿ ಬರುವ ರಕ್ತದ ತುಂಬುವಿಕೆಯನ್ನೇ ನಂಬಿಕೊಂಡು ನಡೆಯುತ್ತದೆ. ಸಾರ್ಬಿಟ್ರೇಟ್ ಸಿರೆಗಳನ್ನು ಸಡಿಲಿಸಿ ಆ ತುಂಬುವಿಕೆಯನ್ನು ಕಡಿಮೆ ಮಾಡಿದರೆ ರಕ್ತದೊತ್ತಡ ಒಮ್ಮೆಲೇ ಬಿದ್ದುಹೋಗುತ್ತದೆ. ವಿ-4 ಎಲೆಕ್ಟ್ರೋಡನ್ನು ಕಿತ್ತು ಬಲ ಎದೆಯಲ್ಲಿ ಅದೇ ಮಟ್ಟಕ್ಕೆ, ಐದನೇ ಪಕ್ಕೆಲುಬು ಸಂದಿಯಲ್ಲಿ, ಕೊರಳೆಲುಬಿನ ನಡುವಿನಿಂದ ಇಳಿದ ಗೆರೆಯ ಮೇಲೆ ಇಟ್ಟೆ. ಅಲ್ಲೂ ಎಸ್‌ಟಿ ಏರಿತ್ತು. ಕಾಗದದ ಮೇಲೆ ‘ಬಲ ವಿ-4’ ಎಂದು ಕೈಯಲ್ಲಿ ಬರೆದೆ. ಬರೆಯದಿದ್ದರೆ ಯಂತ್ರ ಅದನ್ನು ಎಡದ ವಿ-4 ಎಂದೇ ಮುದ್ರಿಸಿರುತ್ತದೆ, ಮುಂದಿನ ಆಸ್ಪತ್ರೆಯವರಿಗೆ ಗೊಂದಲವಾಗುತ್ತದೆ. ವೈದ್ಯರಿಗೆ ಹೇಳಿದೆ: “ಸರ್, ಬಲಗಡೆಯೂ ಇದೆ, ಬಿಪಿ ತೊಂಬತ್ತೆರಡು, ಸಾರ್ಬಿಟ್ರೇಟ್ ಕೊಟ್ಟಿಲ್ಲ.” 250 ಮಿಲಿಲೀಟರ್ ನಾರ್ಮಲ್ ಸಲೈನ್ ಹಾಕಲು ಹೇಳಿದರು. ಅದು ಮುಗಿದ ಮೇಲೆ ಮತ್ತೆ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದೆ, ಗುರುಗುರು ಸದ್ದಿರಲಿಲ್ಲ. ಬಿಪಿ 104ಕ್ಕೆ ಬಂತು. ಆಮ್ಲಜನಕ ಹಾಕಿ ಎಂದು ಮನೆಯವರು ಒತ್ತಾಯಿಸುತ್ತಿದ್ದರು. ರಕ್ತದ ಆಮ್ಲಜನಕ 96 ಇರುವಾಗ ಅದರಿಂದ ಲಾಭವಿಲ್ಲ, 90ಕ್ಕಿಂತ ಇಳಿದರೆ ಕೊಡುತ್ತೇವೆ ಎಂದು ಹೇಳಿ ಸಮಾಧಾನ ಮಾಡಿದೆ.

ಅಷ್ಟರಲ್ಲಿ 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಿ ಆಗಿತ್ತು, ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಕೂಡ ಕೊಟ್ಟಾಗಿತ್ತು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಉಚಿತವಾಗಿ ಸಿಗುವಂತಾಗಿದೆ. ಇಸಿಜಿಯನ್ನು ಹೃದ್ರೋಗ ತಜ್ಞರಿಗೆ ಕಳಿಸಿ ಒಪ್ಪಿಗೆ ಪಡೆದೆವು. ಪಾರ್ಶ್ವವಾಯು, ತಲೆಗೆ ಪೆಟ್ಟು, ಇತ್ತೀಚಿನ ಆಪರೇಷನ್, ಕಪ್ಪು ಮಲ ಇವನ್ನೆಲ್ಲ ಹೆಂಡತಿಯ ಬಳಿ ಒಂದೊಂದಾಗಿ ಕೇಳಿ, ‘ಇಲ್ಲ’ ಎಂಬ ಉತ್ತರವನ್ನೂ ಬರೆದೆ. ತೂಕ 64 ಕಿಲೋ, ಆ ಲೆಕ್ಕಕ್ಕೆ 35 ಮಿಲಿಗ್ರಾಂ. ಕೈಯ ಲೈನಿನಲ್ಲಿ ಡೆಕ್ಸ್‌ಟ್ರೋಸ್ ಹೋಗಿದ್ದರೆ ಔಷಧ ಅದರೊಂದಿಗೆ ಸೇರಿ ಗಸಿಗಟ್ಟುತ್ತದೆ, ಆದ್ದರಿಂದ ಮೊದಲೂ ಆಮೇಲೂ ಸಲೈನಿನಿಂದ ತೊಳೆದೆ. 9.45ಕ್ಕೆ ಒಂದೇ ಸಲಕ್ಕೆ ಕೊಟ್ಟಾಯಿತು.

ಆ ಸೊಂಟದ ಇಂಜೆಕ್ಷನ್ ನನ್ನನ್ನು ಕಾಡುತ್ತಿದ್ದದ್ದು ಇಲ್ಲಿ. ಹೆಪ್ಪು ಕರಗಿಸುವ ಔಷಧ ಹೋದ ಮೇಲೆ ಸ್ನಾಯುವಿಗೆ ಚುಚ್ಚಿದ ಜಾಗದಲ್ಲಿ ರಕ್ತ ಒಳಗೇ ಸೋರಿ ಗಡ್ಡೆ ಕಟ್ಟಬಹುದು. ಚುಚ್ಚಿದ ಜಾಗದ ಸುತ್ತ ಪೆನ್ನಿನಿಂದ ಒಂದು ವೃತ್ತ ಎಳೆದು, ಬಿಪಿ ನೋಡುವ ಪ್ರತಿ ಹದಿನೈದು ನಿಮಿಷಕ್ಕೂ ಮಗ್ಗುಲು ತಿರುಗಿಸಿ ಊತ ವೃತ್ತ ದಾಟಿತೇ ಎಂದು ನೋಡಿದೆ. ಒಸಡು, ಮೂತ್ರದ ಬಣ್ಣ, ಮಾತಿನ ಸ್ಪಷ್ಟತೆ, ತಲೆನೋವು ಇವೂ ಆ ಪಟ್ಟಿಯಲ್ಲಿದ್ದವು. ಎದೆನೋವಿಗೆ ಸೊಂಟಕ್ಕೆ ಇಂಜೆಕ್ಷನ್ ಬೇಡ ಎಂದು ಕ್ಲಿನಿಕ್ ನಡೆಸುವವರಿಗೆಲ್ಲ ಕೈಮುಗಿದು ಹೇಳಬೇಕೆನಿಸುತ್ತದೆ.

ಹತ್ತೂವರೆಯ ಹೊತ್ತಿಗೆ ಮಾನಿಟರ್‌ನಲ್ಲಿ ಅಗಲವಾದ ಬಡಿತಗಳು ಸಾಲಾಗಿ ಬಂದವು, ವೇಗ ಎಂಬತ್ತರ ಆಸುಪಾಸು. ಬಿಪಿ ಕುಸಿಯಲಿಲ್ಲ. ರಕ್ತ ಮತ್ತೆ ಹರಿಯತೊಡಗಿದಾಗ ಕಾಣುವ ಲಯ ಇದು. ವೈದ್ಯರನ್ನು ಕರೆದು ತೋರಿಸಿದೆ, ಯಾವ ಔಷಧವೂ ಬೇಕಾಗಲಿಲ್ಲ, ತಾನಾಗಿ ನಿಂತಿತು. 11.15ರ ಇಸಿಜಿಯಲ್ಲಿ ಮೂರನೇ ಲೀಡಿನ ಏರಿಕೆ ಮೂರರಿಂದ ಒಂದು ಚೌಕಕ್ಕೆ ಇಳಿದಿತ್ತು, ಹತ್ತಕ್ಕೆ ಎಂಟಿದ್ದ ನೋವು ಎರಡಾಗಿತ್ತು. ಅರ್ಧಕ್ಕಿಂತ ಹೆಚ್ಚು ಇಳಿಯದಿದ್ದರೆ ಔಷಧ ಸೋತಂತೆ, ಆಗ ತಕ್ಷಣ ಆಂಜಿಯೋಪ್ಲಾಸ್ಟಿಗೆ ಓಡಬೇಕು. ಇವರನ್ನು ಕಾಗದಗಳ ಸಮೇತ ಆಂಬುಲೆನ್ಸ್‌ನಲ್ಲಿ ಹಾಸನಕ್ಕೆ ಕಳಿಸಿದೆವು. ಮರುದಿನ ಆಂಜಿಯೋಗ್ರಾಂ ಆಗಿ, ಬಲ ಕರೋನರಿಗೆ ಸ್ಟೆಂಟ್ ಬಿತ್ತು.

ಬಿಡುಗಡೆಯಾದ ಮೇಲೆ ನಮ್ಮಲ್ಲಿಗೆ ಔಷಧಕ್ಕೆ ಬಂದಾಗ ಅವರ ಕೈಯಲ್ಲಿ ‘ದಿನಾ ವಾಕಿಂಗ್ ಮಾಡಿ’ ಎಂಬ ಚೀಟಿ ಇತ್ತು. ಹಾಸನದ ಸಮತಟ್ಟು ರಸ್ತೆಗೆ ಅದು ಸಾಕು. ಇವರ ಕ್ವಾರ್ಟರ್ಸ್ ಇರುವುದು ಇಳಿಜಾರಿನಲ್ಲಿ, ಬಾಗಿಲು ದಾಟಿದರೆ ಏರು. ಹಾಗಾಗಿ ಕಾಫಿ ಒಣಗಿಸುವ ಕಣವನ್ನು ಆರಿಸಿದೆವು. ಅದು ಮಟ್ಟಸ. ಮೊದಲ ವಾರ ಬೆಳಿಗ್ಗೆ ಸಂಜೆ ಐದರಿಂದ ಹತ್ತು ನಿಮಿಷ, ಹಿಡಿಸಿದರೆ ಒಂದೆರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚು, ಅರ್ಧ ಗಂಟೆ ಸಲೀಸಾಗುವವರೆಗೆ. ಬೆಳಗಿನ ಚಳಿಯಲ್ಲಿ ಬೇಡ, ಬಿಸಿಲು ಬಿದ್ದ ಮೇಲೆ. ಊಟವಾದ ಕೂಡಲೇ ಬೇಡ. ನಾಡಿ ಎಣಿಸಿಕೊಳ್ಳಲು ನಾನು ಹೇಳಲಿಲ್ಲ, ಏಕೆಂದರೆ ಅವರು ತೆಗೆದುಕೊಳ್ಳುತ್ತಿದ್ದ ಮೆಟೊಪ್ರೊಲಾಲ್ ನಾಡಿಯನ್ನು ಏರಗೊಡುವುದಿಲ್ಲ, ಸುಸ್ತಾದರೂ ಎಣಿಕೆ ಕಡಿಮೆಯೇ ತೋರುತ್ತದೆ. “ನಡೆಯುತ್ತಾ ನಿಮ್ಮ ಮನೆಯವರ ಜೊತೆ ಮಾತಾಡಿ. ಒಂದು ಪೂರ್ತಿ ಮಾತು ಹೇಳುವಷ್ಟರಲ್ಲಿ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತು ಎಂದು ತಿಳಿಯಿರಿ” ಎಂದೆ.

ಮನೆಯಲ್ಲಿ ಮತ್ತೆ ನೋವು ಬಂದರೆ ಏನು ಮಾಡಬೇಕೆಂದು ಹೆಂಡತಿಯ ಬಾಯಿಂದಲೇ ಹೇಳಿಸಿದೆ. ಕೂರಿಸುವುದು, ತಜ್ಞರು ಬರೆದುಕೊಟ್ಟ ಮಾತ್ರೆ ಒಂದನ್ನು ನಾಲಿಗೆಯ ಕೆಳಗೆ ಇಡುವುದು, ಐದು ನಿಮಿಷಕ್ಕೆ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡುವುದು. ಕಷಾಯ, ಸೋಡಾ ಇವುಗಳ ನಡುವೆ ಬರುವಂತಿಲ್ಲ. “ಸಿಸ್ಟರ್, ಮನೆಯೊಳಗೆ ಸಿಗ್ನಲ್ ಇಲ್ಲವಲ್ಲ” ಎಂದರು ಅವರು. ಪಲ್ಪರ್ ಮನೆಯ ಹತ್ತಿರ ಸಿಗುತ್ತದಂತೆ. ಆಂಬುಲೆನ್ಸ್ ತೋಟದ ಗೇಟಿನ ತನಕ ಮಾತ್ರ ಬರುತ್ತದೆ, ಅಲ್ಲಿಂದ ಮನೆಗೆ ತೋಟದ ಜೀಪು. ಯಾರು ಎಲ್ಲಿಂದ ಫೋನ್ ಮಾಡಬೇಕು, ಜೀಪಿನ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಮಾತ್ರೆಯ ಚೀಟಿಯ ಹಿಂದೆ ಬರೆದೆ.

ಕ್ಲೋಪಿಡೋಗ್ರೆಲ್ ಬಗ್ಗೆ ನಾನು ಬಿಗಿಯಾಗಿಯೇ ಮಾತಾಡಿದೆ. ಚೆನ್ನಾಗಿದ್ದೇನೆ ಎಂದು, ಅಥವಾ ಹಲ್ಲು ಕೀಳಿಸಬೇಕೆಂದು, ತಜ್ಞರನ್ನು ಕೇಳದೆ ನಿಲ್ಲಿಸಿದರೆ ಹೊಸ ಸ್ಟೆಂಟಿನೊಳಗೆ ಹೆಪ್ಪುಗಟ್ಟಿ ಇದೇ ಹೃದಯಾಘಾತ ಮರುಕಳಿಸಬಹುದು. ಬೀಡಿಯನ್ನು ಕಡಿಮೆ ಮಾಡುವುದಲ್ಲ, ಬಿಡುವುದು. ಉಪ್ಪಿನಕಾಯಿ, ಒಣಮೀನು, ಹಪ್ಪಳದ ಮಾತನ್ನು ಅಡುಗೆ ಮಾಡುವವರ ಹತ್ತಿರ ಆಡಿದರೆ ಸಾಕು, ಅಕ್ಕಿ ರೊಟ್ಟಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ರೈಟರ್ ಅವರ ಕೊನೆಯ ಪ್ರಶ್ನೆ ಕೊಯ್ಲಿನದಾಗಿತ್ತು. ಮೂಟೆ ತೂಗುವಾಗ ಕೈಕೊಡದೆ ಇರಲಾಗುವುದಿಲ್ಲ ಎಂದರು. ಮೊದಲ ಕೆಲವು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬೇಡಿ, ಹಂಡೆಯ ಸೌದೆಯೂ ಅದರಲ್ಲೇ ಸೇರಿತು ಎಂದೆ. ಭಾರ ಎತ್ತಲು ಉಸಿರು ಬಿಗಿಹಿಡಿದಾಗ ರಕ್ತದೊತ್ತಡ ಹಠಾತ್ತನೆ ಏರುತ್ತದೆ, ಗಾಯವಾದ ಹೃದಯ ಅದನ್ನು ತಾಳುವ ಸ್ಥಿತಿಯಲ್ಲಿರುವುದಿಲ್ಲ. ಐವತ್ತು ಕಿಲೋ ಮೂಟೆಯ ವಿಷಯವನ್ನು ನಾನು ತೀರ್ಮಾನಿಸುವಂತಿಲ್ಲ. ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ನೋಡಿ ತಜ್ಞರು ಹೇಳಬೇಕು. ಹಾಜರಿ ಪುಸ್ತಕ ಮತ್ತು ತೂಕದ ಲೆಕ್ಕ ಹಿಡಿದು ಕಣದ ನೆರಳಲ್ಲಿ ಕುಳಿತು ಮಾಡುವ ಕೆಲಸಕ್ಕೆ ತಜ್ಞರು ಒಪ್ಪಿದ ಕೂಡಲೇ ಹೋಗಬಹುದು ಎಂದು ಬರೆದು, ಮುಂದಿನ ಭೇಟಿಯ ತಾರೀಖು ಹಾಕಿಕೊಟ್ಟೆ.