ಐದು ಊರಿನ ಗೆಳೆಯರು, ಒಂದೇ ಪಡಸಾಲೆ

ತುಮಕೂರಿನ ಹಾಸ್ಟೆಲಿನಲ್ಲಿ ಒಟ್ಟಿಗಿದ್ದ ನಾವು ಐವರು ಈಗ ಪುಣೆ, ಚೆನ್ನೈ, ಹುಬ್ಬಳ್ಳಿ, ಮಂಗಳೂರುಗಳಿಗೆ ಚದುರಿದ್ದೇವೆ. ಊರಿನಲ್ಲಿ ಉಳಿದವನು ನಾನೊಬ್ಬನೇ. ಎಲ್ಲರೂ ಸೇರುವ ದಿನ ಬರುವಂತೆ ಕಾಣದ ಕಾರಣ, ಅವರವರ ಊರಿನಲ್ಲಿಯೇ ತೆಗೆದ ಚಿತ್ರಗಳನ್ನು ಸೇರಿಸಿ ಒಂದು ಗುಂಪುಚಿತ್ರ ಮಾಡಿದೆ. ಮೊದಲ ಪ್ರಯತ್ನದಲ್ಲಿ ಅವರ ಬಳಿ ಇದ್ದ ಹಳೆಯ ಫೋಟೋಗಳನ್ನೇ ತರಿಸಿಕೊಂಡು ಅಂಟಿಸಿದ್ದೆ. ಒಬ್ಬನ ನೆರಳು ಎಡಕ್ಕೆ, ಇನ್ನೊಬ್ಬನದು ಬಲಕ್ಕೆ ಬಿದ್ದಿದ್ದ ಆ ಚಿತ್ರ ಗೋಡೆಗೆ ಅಂಟಿಸಿದ ಚುನಾವಣಾ ಪೋಸ್ಟರಿನಂತಿತ್ತು.

ಎರಡನೆಯ ಬಾರಿ ಹಿನ್ನೆಲೆಯನ್ನು ಮೊದಲು ಆರಿಸಿದೆ, ಏಕೆಂದರೆ ಬೆಳಕನ್ನು ನಿರ್ಧರಿಸುವುದು ಅದೇ. ನಮ್ಮ ಮನೆಯ ಪಡಸಾಲೆಯ ಬಾಗಿಲು ಉತ್ತರಕ್ಕಿರುವುದರಿಂದ ಹೆಚ್ಚಿನ ಸಮಯ ನೇರ ಬಿಸಿಲು ಒಳಗೆ ಬೀಳದೆ, ಆಕಾಶದ ಮೆದು ಬೆಳಕು ಮಾತ್ರ ಒಂದು ಪಕ್ಕದಿಂದ ಬರುತ್ತದೆ. ಇಂಥ ಬೆಳಕು ಯಾವ ಊರಿನ ಮನೆಯ ಬಾಗಿಲಿನಲ್ಲಿಯೂ ಸಿಗುವುದರಿಂದ ನಾಲ್ವರಿಗೂ ಒಂದೇ ಸೂಚನೆ ಕಳುಹಿಸಿದೆ: ನೇರ ಬಿಸಿಲು ಬೀಳದ ಬಾಗಿಲು ಫೋಟೋದ ಎಡಭಾಗಕ್ಕೆ ಬರಬೇಕು, ಕೋಣೆಯ ದೀಪಗಳು ಆರಿರಬೇಕು, ಫೋನು ನಿಂತವನಿಂದ ಹತ್ತು ಅಡಿ ದೂರದಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಓರೆಯಾಗದೆ ನೆಟ್ಟಗಿರಬೇಕು. ಝೂಮ್, ಪೋರ್ಟ್ರೇಟ್ ಮೋಡ್, ಮುಖ ನುಣುಪು ಮಾಡುವ ಆಯ್ಕೆ ಯಾವುದೂ ಬೇಡ. ಮುಖ, ಮೈ, ಪಾದಗಳ ಪ್ರಮಾಣ ಕಾಣುವ ರೀತಿಯನ್ನು ನಿಶ್ಚಯಿಸುವುದು ಕ್ಯಾಮೆರಾ ಇರುವ ದೂರ ಮತ್ತು ಎತ್ತರ. ಅದು ಒಬ್ಬೊಬ್ಬರದು ಒಂದೊಂದಾದರೆ ಆಮೇಲೆ ಯಾವ ತಿದ್ದುಪಡಿಗೂ ಬಗ್ಗುವುದಿಲ್ಲ.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಎ4 ಹಾಳೆ. ಎಲ್ಲ ಊರಿನಲ್ಲಿಯೂ ಅದರ ಉದ್ದ 29.7 ಸೆಂ.ಮೀ., ಅಗಲ 21 ಸೆಂ.ಮೀ.; ಬಣ್ಣವೂ ಬಿಳಿ. ಹಾಳೆಯನ್ನು ಎದೆಯ ಮುಂದೆ ಹಿಡಿದು, ಪರದೆಯಲ್ಲಿ ಅದರ ಮೇಲೆ ಬೆರಳು ಒತ್ತಿ ಹಿಡಿದು ಬೆಳಕಿನ ಪ್ರಮಾಣವನ್ನು ಲಾಕ್ ಮಾಡಿ ಒಂದು ಫೋಟೋ, ಹಾಳೆ ತೆಗೆದು ಅದೇ ನಿಲುವಿನಲ್ಲಿ ಇನ್ನೊಂದು ಫೋಟೋ. ಎರಡನ್ನೂ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿದೆ.

ನನ್ನ ಪಡಸಾಲೆಯ ಚಿತ್ರದಲ್ಲಿ ಹಾಳೆಯ ಉದ್ದ 273 ಪಿಕ್ಸೆಲ್, ಹುಬ್ಬಳ್ಳಿಯ ಚಿತ್ರದಲ್ಲಿ 297. ಹಾಗಾಗಿ ಆ ಗೆಳೆಯನನ್ನು ಶೇಕಡಾ 92ಕ್ಕೆ ಇಳಿಸಿದೆ, ಅಳತೆ ಕೂಡಿತು. ಪುಣೆಯವನ ಹಾಳೆ 255 ಪಿಕ್ಸೆಲ್ ಇತ್ತು. ಆ ಲೆಕ್ಕದಲ್ಲಿ ಹಿಗ್ಗಿಸಿದಾಗ ಐದು ಅಡಿ ಎಂಟು ಅಂಗುಲದ ಆಸಾಮಿ ಆರೂವರೆ ಅಡಿ ಬೆಳೆದು ನಿಂತ! ಹಾಳೆಯ ಅಗಲವನ್ನೂ ಅಳೆದಾಗ ಕಾರಣ ತಿಳಿಯಿತು. ನೇರವಾಗಿ ಹಿಡಿದ ಎ4 ಹಾಳೆಯ ಉದ್ದ ಅದರ ಅಗಲದ 1.41ರಷ್ಟಿರಬೇಕು, ಇವನದು 1.21 ಮಾತ್ರ ಇತ್ತು, ಅಂದರೆ ಹಾಳೆಯ ಮೇಲಂಚನ್ನು ತನ್ನ ಕಡೆಗೆ ವಾಲಿಸಿ ಹಿಡಿದಿದ್ದ. ಹಾಗೆ ವಾಲಿದಾಗ ಉದ್ದ ಕುಗ್ಗುತ್ತದೆ, ಅಗಲ ಕುಗ್ಗುವುದಿಲ್ಲ. ಅಗಲವನ್ನು ಹಿಡಿದು ಲೆಕ್ಕ ಹಾಕಿದ ಮೇಲೆ ಅವನು ತನ್ನ ಎತ್ತರಕ್ಕೆ ಮರಳಿದ.

ಬೆಳಕಿನಲ್ಲಿ ನಾನು ಎಡವಿದ್ದು ಬೇರೆ ಕಡೆ. ಐವರನ್ನೂ ಸಮನಾಗಿ ಬೆಳಗಿಸಿ ಸಾಲಾಗಿ ನಿಲ್ಲಿಸಿದರೆ ಚಿತ್ರ ಸುಳ್ಳೆಂದು ಕಣ್ಣಿಗೆ ಹೊಡೆಯುತ್ತಿತ್ತು. ಬಾಗಿಲಿನ ಹತ್ತಿರದವನ ಮೇಲೆ ಬೀಳುವಷ್ಟು ಬೆಳಕು ಸಾಲಿನ ಕೊನೆಯವನ ಮೇಲೆ ಬೀಳುವುದೇ ಇಲ್ಲ. ಆದರೆ ಫೋನು ಪ್ರತಿಯೊಬ್ಬನನ್ನೂ ತನ್ನ ಲೆಕ್ಕದಲ್ಲಿ ಬೆಳಗಿಸಿ ಆ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ. ಆದ್ದರಿಂದ ಪಡಸಾಲೆಯಲ್ಲಿ ಬಾಗಿಲಿನಿಂದ ನಾಲ್ಕು ಅಡಿಗೆ ಆರಂಭಿಸಿ ಎರಡೆರಡು ಅಡಿಗೆ ಐದು ಗುರುತು ಹಾಕಿ, ಬೆಳಕಿನ ಲಾಕ್ ಬದಲಿಸದೆ, ಒಂದೊಂದರ ಮೇಲೂ ಹಾಳೆ ಹಿಡಿದು ಫೋಟೋ ತೆಗೆದೆ. ಕಪ್ಪಿಗೆ 0, ಅಚ್ಚ ಬಿಳಿಗೆ 255 ಎಂಬ ಅಳತೆಯಲ್ಲಿ ಮೊದಲ ಗುರುತಿನಲ್ಲಿ ಹಾಳೆಯ ಪ್ರಕಾಶ 220, ಕೊನೆಯದರಲ್ಲಿ 150 ಇತ್ತು. ಬಳಿಕ ಚಿತ್ರ ತಿದ್ದುವ ತಂತ್ರಾಂಶವಾದ ಜಿಂಪ್‌ನಲ್ಲಿ, ಬೆಳಕು-ಬಣ್ಣ ಹೊಂದಿಸುವ ಕರ್ವ್ಸ್ ಎಂಬ ಸಾಧನದಿಂದ ಒಬ್ಬೊಬ್ಬರ ಹಾಳೆಯ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಆಯಾ ಗುರುತಿನ ನನ್ನ ಹಾಳೆಯ ಅಂಕಿಗಳಿಗೆ ಹೊಂದಿಸಿ, ಅದೇ ತಿದ್ದುಪಡಿಯನ್ನು ಹಾಳೆಯಿಲ್ಲದ ಚಿತ್ರಕ್ಕೂ ಹಾಕಿದೆ. ಬಣ್ಣದ ವ್ಯತ್ಯಾಸವೂ ಇದರಲ್ಲಿಯೇ ಸರಿಹೋಯಿತು.

ಚೆನ್ನೈಯವನ ಕೋಣೆಯಲ್ಲಿ ಬೆಳಕು ಬಲದಿಂದ ಬಂದಿತ್ತು. ಚಿತ್ರವನ್ನು ಮಗುಚಿದರಾಯಿತು ಎಂದುಕೊಂಡೆ. ಅಂಗಿಯ ಜೇಬು ಬಲಕ್ಕೆ ಹೋಯಿತು, ಬೈತಲೆ ಎಡದಿಂದ ಬಲಕ್ಕೆ ಬಂತು. “ಇದ್ಯಾರೋ ನನ್ನ ತಮ್ಮನ ಹಾಗಿದ್ದಾನಲ್ಲೋ” ಎಂದ. ಕ್ಯಾಮೆರಾವನ್ನು ಕೋಣೆಯ ಎದುರು ತುದಿಗೆ ಒಯ್ದು, ಅವನೂ ಆ ಕಡೆಗೆ ತಿರುಗಿ ನಿಂತಾಗ ಬಾಗಿಲು ತಾನಾಗಿ ಎಡಕ್ಕೆ ಬಂತು.

ಕತ್ತರಿಸಿ ಜೋಡಿಸುವುದು ತಾಳ್ಮೆಯ ಕೆಲಸವಷ್ಟೇ. ಕೊನೆಗೆ ಕಾಡಿದ್ದು ಪಾದಗಳು. ಅಂಗಾಲು ನೆಲಕ್ಕೆ ತಾಗುವಲ್ಲಿ ಗೆರೆಯಷ್ಟು ತೆಳುವಾದ ಕಪ್ಪು, ಅಲ್ಲಿಂದ ಬಲಕ್ಕೆ ಹರಡುತ್ತಾ ಮಸುಕಾಗುವ ನೆರಳು, ಇವೆರಡನ್ನೂ ಬೇರೆ ಬೇರೆ ಪದರಗಳಲ್ಲಿ ಬರೆಯುವವರೆಗೆ ನಾಲ್ವರೂ ತೇಲುತ್ತಿದ್ದರು. ನಮ್ಮದು ಕೆಂಪು ಗಾರೆಯ ನೆಲ, ಅವರದ್ದೆಲ್ಲ ಬಿಳಿ ಟೈಲ್ಸ್. ಆದ್ದರಿಂದ ಮೊಣಕಾಲಿನ ಕೆಳಗೆ ಪ್ಯಾಂಟಿಗೆ ಕಂಡೂ ಕಾಣದಷ್ಟು ಕೆಂಪು ಛಾಯೆ ಸೇರಿಸಿದೆ. ನನ್ನ ಪ್ಯಾಂಟಿನ ಮೇಲೆ ಅದು ಮೊದಲೇ ಇತ್ತು.