ಈ ತಿಂಗಳ ಓದಿಗೆ ‘ಘಾಚರ್ ಘೋಚರ್’

ಈ ತಿಂಗಳಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದೋಣ. 2013ರಲ್ಲಿ ಬಂದ ಪುಟ್ಟ ಕಾದಂಬರಿ. ಒಂದು ಭಾನುವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಬೆಂಗಳೂರಿನ ಕಾಫಿ ಹೌಸಿನಲ್ಲಿ ಒಬ್ಬ ಸುಮ್ನೆ ಕೂತಿರುತ್ತಾನೆ. ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ, ಹೆಂಡತಿ, ಚಿಕ್ಕಪ್ಪ. ಒಂದು ಕಾಲಕ್ಕೆ ಇರುವೆ ಮುತ್ತುವ ಇಕ್ಕಟ್ಟಾದ ಮನೆಯಲ್ಲಿದ್ದವರು. ಈಗ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬಂದಿದೆ. ಇಷ್ಟು ಸಾಕು. ಹಿಂಬದಿಯ ಪರಿಚಯವನ್ನಾಗಲಿ, ವಿಮರ್ಶೆಯನ್ನಾಗಲಿ ಮೊದಲೇ ಓದಬೇಡಿ.

ಓದುವಾಗ ಒಂದು ಕಡೆ ಗಮನವಿರಲಿ. ಕಥೆ ಹೇಳುವವನು ತುಂಬ ಮೆತ್ತಗಿನವನು, ನಮ್ಮ ನಿಮ್ಮ ಮನೆಯವನ ಹಾಗೆ ಮಾತಾಡುತ್ತಾನೆ. ಹಾಗಾಗಿ ಅವನು ಹೇಳಿದ್ದನ್ನೆಲ್ಲ ಒಪ್ಪಿಕೊಂಡು ಹೋಗುತ್ತೇವೆ. ಶುರುವಿನಲ್ಲೇ ಒಬ್ಬ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಇವರ ಮನೆ ಬಾಗಿಲಿಗೆ ಬರುತ್ತಾಳೆ. ಆ ಭಾಗವನ್ನು ನಿಧಾನಕ್ಕೆ ಓದಿ. ಯಾರು ಏನಂದರು, ಯಾರು ಸುಮ್ಮನಿದ್ದರು ಅಂತ ನೋಡಿ. ಮುಂದೆ ಇರುವೆಗಳ ಪ್ರಸಂಗ ಬಂದಾಗ ನಗು ಬರಬಹುದು. ಆ ನಗು ಎಲ್ಲಿ ನಿಂತಿತು ಅಂತ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ನಿಮ್ಮ ಗುರುತು ಒಂದು ಕಡೆ, ಪಕ್ಕದವರದ್ದು ಇನ್ನೊಂದು ಕಡೆ ಇರುತ್ತದೆ. ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಬಹುದು, ಅಲ್ವಾ?

ಎಲ್ಲವನ್ನೂ ಬಿಡಿಸಿ ಹೇಳುವ ಕೊನೆ ಬೇಕೆನ್ನುವವರಿಗೆ ಇದು ಕಿರಿಕಿರಿ ಮಾಡಬಹುದು. ನನಗಂತೂ ಆ ಕೊನೆಯೇ ಜಾಸ್ತಿ ಇಷ್ಟ. ಮೊದಲು ಮುಗಿಸಿದವರು ಕೊನೆಯ ಅಧ್ಯಾಯದ ಬಗ್ಗೆ ಗುಂಪಿನಲ್ಲಿ ಏನೂ ಬರೆಯಬೇಡಿ, ನಾವು ಸೇರುವ ದಿನ ಮಾತಾಡೋಣ.