ಆನ್ಯುಯಿಟಿ ಎಷ್ಟು, ಯಾವಾಗ: ನಿವೃತ್ತಿಯ ಹಣಕ್ಕೆ ನಾನು ಹಾಕಿಕೊಂಡ ಲೆಕ್ಕ

ನಿವೃತ್ತಿಯಾದವರ ಮುಂದೆ ಈ ಪ್ರಶ್ನೆ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಆರಿಸುವ ಹಾಗೆ ಬರುತ್ತದೆ. ಉಳಿತಾಯವನ್ನು ವಿಮಾ ಕಂಪನಿಗೆ ಕೊಟ್ಟು ಸಾಯುವವರೆಗೆ ಆನ್ಯುಯಿಟಿ, ಅಂದರೆ ವರ್ಷವರ್ಷ ಖಚಿತ ಆದಾಯ, ಪಡೆಯುವುದೋ, ಅಥವಾ ಹಣವನ್ನು ಷೇರು, ಬಾಂಡ್‌ಗಳಲ್ಲಿಟ್ಟು ವರ್ಷವರ್ಷ ನಾವೇ ತೆಗೆದುಕೊಳ್ಳುವುದೋ? ನಾನು ಹಾಗೆ ಕೇಳಿಕೊಳ್ಳಲಿಲ್ಲ. ಉಳಿದ ಹಣಕ್ಕೆ ಅಗತ್ಯ ಖರ್ಚಿನಷ್ಟು ಆನ್ಯುಯಿಟಿ ಕೊಳ್ಳುವ ಶಕ್ತಿ ಇನ್ನೂ ಇದೆಯೇ ಎಂದು ಪ್ರತಿ ವರ್ಷ ಅಳೆಯುವುದು ನನ್ನ ಪದ್ಧತಿ. ಆ ಶಕ್ತಿ ಇರುವವರೆಗೆ ಹಣ ಮುಗಿದುಹೋಗುವ ಭಯಕ್ಕೆ ಕಾರಣವಿಲ್ಲ. ಅದು ಕುಗ್ಗುತ್ತಿದ್ದರೆ ಕಾಯಬಾರದು.

ಲೆಕ್ಕ ಸುಲಭವಾಗಲೆಂದು ಒಟ್ಟು ಉಳಿತಾಯವನ್ನು 100 ಎಂದು ಇಟ್ಟುಕೊಳ್ಳುತ್ತೇನೆ. ವಯಸ್ಸು 65, ದಂಪತಿ ಇಬ್ಬರೂ ಇದ್ದಾರೆ. ಪಿಂಚಣಿಯಂಥ ಖಚಿತ ಆದಾಯವನ್ನು ಕಳೆದ ಮೇಲೆ ಉಳಿತಾಯದಿಂದ ಮೊದಲ ವರ್ಷ 4 ಬೇಕು. ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಇದನ್ನು ಎರಡಾಗಿ ಒಡೆಯಬೇಕು. ಊಟ, ಮನೆ, ಔಷಧಿ, ವಿಮೆ ಕಂತು, ತೆರಿಗೆ ಇವು ನಿಲ್ಲಿಸಲಾಗದ ಖರ್ಚು, ಒಟ್ಟು 2.5. ಪ್ರವಾಸ, ಉಡುಗೊರೆಯಂಥವು 1.5, ಕೆಟ್ಟ ವರ್ಷದಲ್ಲಿ ಮುಂದೂಡಬಹುದಾದವು. ಹತ್ತು ವರ್ಷಕ್ಕೊಮ್ಮೆ ಬರುವ ಮನೆ ದುರಸ್ತಿಯನ್ನೂ ವರ್ಷಕ್ಕೆ ಹಂಚಿ ಅಗತ್ಯದ ಸಾಲಿಗೇ ಸೇರಿಸಬೇಕು. ಬಹಳ ಜನರ ಲೆಕ್ಕ ತಪ್ಪುವುದು ಇಲ್ಲಿ. ದೊಡ್ಡ ಕಾಯಿಲೆಗೆಂದು ಎತ್ತಿಟ್ಟ ಹಣ ಈ 100ರ ಹೊರಗಿದೆ. ಅದನ್ನು ಒಳಗೆ ಸೇರಿಸಿದರೆ ಮುಂದಿನ ಅಂಕಿಗಳೆಲ್ಲ ಇರುವುದಕ್ಕಿಂತ ಚೆಂದ ಕಾಣುತ್ತವೆ.

ಆಮೇಲೆ ದರ ಕೇಳುವ ಕೆಲಸ. ಒಂದೇ ದಿನ, ಒಂದೇ ಮೊತ್ತಕ್ಕೆ, ಇಬ್ಬರ ಜೀವಕ್ಕೂ ಸೇರಿದ ಮೂರು ರೀತಿಯ ಆನ್ಯುಯಿಟಿಯ ದರ ಬರೆಸಿಕೊಳ್ಳಬೇಕು. ಉದಾಹರಣೆಗೆ ಹೀಗಿರಲಿ: ಕೊನೆಯವರೆಗೆ ಒಂದೇ ಮೊತ್ತ ಕೊಡುವುದು ವರ್ಷಕ್ಕೆ ನಾವು ಕೊಟ್ಟ ಹಣದ 6.5%. ವರ್ಷಕ್ಕೆ 3% ಏರುತ್ತಾ ಹೋಗುವುದು 4.6%ರಿಂದ ಶುರು. ಇಬ್ಬರೂ ತೀರಿಕೊಂಡ ಮೇಲೆ ಕೊಟ್ಟ ಅಸಲನ್ನು ವಾರಸುದಾರರಿಗೆ ಮರಳಿಸುವುದು 4.5%. ಇವುಗಳ ಪಕ್ಕದಲ್ಲಿ ಅದೇ ದಿನದ ದೀರ್ಘಾವಧಿ ಸರ್ಕಾರಿ ಬಾಂಡ್‌ನ ಬಡ್ಡಿಯನ್ನೂ ಬರೆದುಕೊಳ್ಳಿ, 5% ಎನ್ನೋಣ.

ಈ ಪಕ್ಕದ ಅಂಕಿ ಇಲ್ಲದೆ ಆನ್ಯುಯಿಟಿ ದರಕ್ಕೆ ಅರ್ಥವೇ ಇಲ್ಲ. ಅಸಲು ಮರಳಿಸುವ ಯೋಜನೆ 4.5% ಕೊಡುತ್ತದೆ, ಬಾಂಡ್ 5% ಕೊಡುತ್ತದೆ, ಬಾಂಡಿನಲ್ಲೂ ಅಸಲು ನಮ್ಮದೇ. ಅಂದರೆ ಆ ಯೋಜನೆಯಲ್ಲಿ ನಾವು ಕಂಪನಿಗೆ ಕಡಿಮೆ ಬಡ್ಡಿಗೆ ಸಾಲ ಕೊಟ್ಟಂತಾಯಿತು. ಮುಂದೆ ಬಡ್ಡಿ ಇಳಿದರೂ ದರ ಬದಲಾಗದು ಎಂಬುದಷ್ಟೇ ಅದರ ಲಾಭ. ದೀರ್ಘಾಯುಷ್ಯದ ಭಯಕ್ಕೆ ಅದು ಉತ್ತರವಲ್ಲ. ಆದರೂ ಜನ ಹೆಚ್ಚು ಇಷ್ಟಪಡುವುದು ಇದನ್ನೇ, ಏಕೆಂದರೆ ‘ಅಸಲು ಹೋಗುವುದಿಲ್ಲ’ ಎಂಬ ಮಾತು ಕೇಳಲು ಹಿತವಾಗಿದೆ.

ನಿಜವಾದ ಆನ್ಯುಯಿಟಿಯಲ್ಲಿ ಬಾಂಡಿಗಿಂತ ಹೆಚ್ಚು ಬರುವುದು ಎರಡು ಕಾರಣಕ್ಕೆ. ಒಂದು, ನಮ್ಮ ಅಸಲೇ ಸ್ವಲ್ಪಸ್ವಲ್ಪ ವಾಪಸ್ ಬರುತ್ತಿರುತ್ತದೆ. ಇನ್ನೊಂದು, ಬೇಗ ತೀರಿಕೊಂಡವರ ಹಣ ಬದುಕಿರುವವರಿಗೆ ಹಂಚಿಕೆಯಾಗುತ್ತದೆ. ಈ ಎರಡನೆಯದನ್ನು ನಾವೆಷ್ಟೇ ಜಾಣತನದಿಂದ ಹೂಡಿಕೆ ಮಾಡಿದರೂ ಮನೆಯಲ್ಲಿ ಕೂತು ತಯಾರಿಸಲಾಗದು. ಆದರೆ ಅದರ ಗಾತ್ರ ವಯಸ್ಸಿನ ಜೊತೆ ಬದಲಾಗುತ್ತದೆ. 65ರ ಸುಮಾರಿಗೆ ವರ್ಷಕ್ಕೆ ನೂರರಲ್ಲಿ ಒಬ್ಬರೋ ಇಬ್ಬರೋ ತೀರಿಕೊಳ್ಳುತ್ತಾರೆ, ಹಂಚಿಕೆಯಾಗಿ ಸಿಗುವುದು ಅಲ್ಪ. 85ರ ಸುಮಾರಿಗೆ ಎಂಟರಿಂದ ಹತ್ತು ಮಂದಿ. ಅಲ್ಲಿ ಅದು ಯಾವ ಬಾಂಡೂ ಕೊಡದಷ್ಟು ದೊಡ್ಡದು. ದಂಪತಿ ಜಂಟಿಯಾಗಿ ಕೊಂಡಾಗ ಇದು ಇನ್ನೂ ತಡವಾಗಿ ಬೆಳೆಯುತ್ತದೆ. ನಾನು ಎಲ್ಲವನ್ನೂ 65ಕ್ಕೇ ಕೊಳ್ಳದಿರಲು ಮುಖ್ಯ ಕಾರಣ ಇದು. ಕೊಂಡಮೇಲೆ ಹಿಂತಿರುಗಿಸಲಾಗದು ಎಂಬುದು ಇನ್ನೊಂದು ಕಾರಣ. ಇಬ್ಬರಲ್ಲೂ ಗಂಭೀರ ಕಾಯಿಲೆ ಕಂಡುಬಂದರೆ ಹೊಸದಾಗಿ ಆನ್ಯುಯಿಟಿ ಕೊಳ್ಳುವುದರಲ್ಲಿ ಅರ್ಥವಿಲ್ಲ, ಕಾದಿದ್ದರೆ ಆ ಹಣ ಕೈಯಲ್ಲೇ ಇರುತ್ತದೆ.

ಏರುವ ಆನ್ಯುಯಿಟಿಯೋ ಸಮ ಮೊತ್ತದ್ದೋ? ಸಮ ಮೊತ್ತದ 6.5 ಕಣ್ಣಿಗೆ ದೊಡ್ಡದು. 4.6ರಿಂದ ಶುರುವಾದದ್ದು ವರ್ಷಕ್ಕೆ 3% ಏರಿದರೆ ಅದನ್ನು ಮುಟ್ಟಲು ಸುಮಾರು 12 ವರ್ಷ ಬೇಕು. ಕೈಗೆ ಬಂದ ಒಟ್ಟು ಹಣ ಸಮನಾಗುವುದು ಸುಮಾರು 23 ವರ್ಷಕ್ಕೆ, ಅಂದರೆ 88ನೇ ವಯಸ್ಸಿಗೆ. ಇದನ್ನು ತೋರಿಸಿ ‘88ರವರೆಗೆ ಯಾರು ಕಂಡರು’ ಎಂದು ಸಮ ಮೊತ್ತದ್ದನ್ನು ಮಾರುತ್ತಾರೆ. ಆದರೆ ನಮ್ಮ ಭಯ ಇರುವುದೇ 88ರ ಆಚೆಯ ಬಗ್ಗೆ. ಬೆಲೆ ವರ್ಷಕ್ಕೆ 3% ಏರಿದರೆ ಸಮ ಮೊತ್ತದ ಕೊಳ್ಳುವ ಶಕ್ತಿ 24 ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ, 6% ಏರಿದರೆ 12 ವರ್ಷದಲ್ಲೇ. ಹಾಗಾಗಿ ಕೊಂಡದ್ದೂ ಏರುವುದನ್ನೇ, ಲೆಕ್ಕಕ್ಕೆ ಬಳಸುವುದೂ ಅದರ ದರವನ್ನೇ. ಬೆಲೆ 3%ಕ್ಕಿಂತ ಬೇಗ ಏರಿದರೆ ಇದೂ ಸಾಲದು ಎಂಬುದು ನೆನಪಿರಲಿ. ಆ ಕೊರತೆಯನ್ನು ತುಂಬಬೇಕಾದದ್ದು ಷೇರಿನ ಪಾಲು.

ಈಗ ಪ್ರತಿ ವರ್ಷ ಹಾಕುವ ಲೆಕ್ಕ:

```
ಭದ್ರತೆಯ ಅನುಪಾತ = (ಉಳಿದ ಹಣ × ಇಂದಿನ ಏರುವ ಆನ್ಯುಯಿಟಿ ದರ) ÷ ಇನ್ನೂ ತುಂಬಬೇಕಾದ ಅಗತ್ಯ ಖರ್ಚು
```

ಏನೂ ಕೊಳ್ಳದೆ 100 ಪೂರ್ತಿ ಕೈಯಲ್ಲಿದ್ದರೆ 4.6ನ್ನು 2.5ರಿಂದ ಭಾಗಿಸಿ 1.84. ಒಂದಕ್ಕಿಂತ ಕೆಳಗಿಳಿದರೆ ಅಗತ್ಯ ಖರ್ಚಿನಷ್ಟನ್ನೂ ಕೊಳ್ಳುವ ಶಕ್ತಿ ಹೋಯಿತು ಎಂದರ್ಥ. ನಾನು ಗೆರೆ ಹಾಕಿಕೊಂಡದ್ದು 1.35ರಲ್ಲಿ; ಅನುಪಾತ ಅಷ್ಟಕ್ಕಿಳಿದರೆ ಅಗತ್ಯ ಖರ್ಚಿಗೆ ಪೂರ್ತಿ ಆನ್ಯುಯಿಟಿ ಕೊಂಡುಬಿಡಬೇಕು. ಅಲ್ಲಿಂದ ಒಂದೇ ವರ್ಷದಲ್ಲಿ ಹಣ 10% ಕುಸಿದು, ಆನ್ಯುಯಿಟಿ ದರವೂ ಹತ್ತರಲ್ಲೊಂದು ಭಾಗ ಇಳಿದು, ಆ ವರ್ಷದ ಅಗತ್ಯ ಖರ್ಚನ್ನೂ ತೆಗೆದುಕೊಂಡು, ಬೆಲೆ 3% ಏರಿದರೂ ಅನುಪಾತ ಒಂದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗೆರೆಯನ್ನು 1.1ಕ್ಕೆ ಹಾಕಿದವರಿಗೆ ಒಂದು ಕೆಟ್ಟ ವರ್ಷದ ಕಾಲಾವಕಾಶವೂ ಇರುವುದಿಲ್ಲ.

ನಿವೃತ್ತಿಯಾದ ಕೂಡಲೇ ಎರಡು ಕೆಟ್ಟ ವರ್ಷ ಬಂದವು ಎಂದುಕೊಂಡು ನೋಡೋಣ. ಅರ್ಧ ಷೇರು, ಅರ್ಧ ಬಾಂಡ್. ಷೇರು 20% ಬಿದ್ದು ಒಟ್ಟು ಹಣ ವರ್ಷಕ್ಕೆ 10% ಕರಗುತ್ತದೆ. ಪೂರ್ತಿ ಸ್ವಂತ ನಿರ್ವಹಣೆಯಲ್ಲಿ 100ರಿಂದ 4 ತೆಗೆದರೆ 96, ಕುಸಿತದ ನಂತರ 86.4. ಎರಡನೇ ವರ್ಷ, ಬೆಲೆ 3% ಏರಿದ್ದರಿಂದ, 4.12 ತೆಗೆದು ಮತ್ತೆ ಕುಸಿದರೆ ಉಳಿಯುವುದು 74. ಮೂರನೇ ವರ್ಷಕ್ಕೆ ಬೇಕಾದ 4.24 ಎಂದರೆ ಉಳಿದ ಹಣದ 5.7%. ಅಗತ್ಯ ಖರ್ಚು ಈಗ 2.65. ದರ ಬದಲಾಗಿಲ್ಲವೆಂದರೂ ಅನುಪಾತ 1.28ಕ್ಕೆ ಇಳಿದು ಗೆರೆ ದಾಟಿದೆ. ನಿಯಮದ ಪ್ರಕಾರ ಈಗ ಕೊಳ್ಳಬೇಕು. ಅದಕ್ಕೆ 57.6 ಬೇಕು, ಅದೂ ಷೇರು ನೆಲಕಚ್ಚಿರುವಾಗ ಮಾರಿ. ಆಮೇಲೆ ಬೇರೆಲ್ಲದಕ್ಕೂ ಉಳಿಯುವುದು ಬರೀ 16.4.

ಮೊದಲ ವರ್ಷ ಉಳಿತಾಯದ 4% ತೆಗೆದು, ಆಮೇಲೆ ಬೆಲೆ ಏರಿದಷ್ಟು ಅದನ್ನು ಏರಿಸುತ್ತಾ ಹೋಗುವ ಪ್ರಸಿದ್ಧ 4% ನಿಯಮ, ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ ಹಿಂದಿನ ಮಾರುಕಟ್ಟೆ ಅಂಕಿಗಳಿಂದ ತೋರಿಸಿದಂತೆ, ಇಂಥ ಕೆಟ್ಟ ಆರಂಭಗಳನ್ನೂ 30 ವರ್ಷ ತಾಳಿಕೊಂಡಿತ್ತು, ನಿಜ. ಆದರೆ ಅದು ಒಂದೇ ದೇಶದ ಚರಿತ್ರೆ, ಮೂವತ್ತೇ ವರ್ಷದ ಅವಧಿ. 65ರ ದಂಪತಿಯಲ್ಲಿ ಒಬ್ಬರು 95 ದಾಟುವುದು ಅಸಂಭವವೇನಲ್ಲ. ಸಾಲದ್ದಕ್ಕೆ, ಹಣ ಮುಕ್ಕಾಲಿಗಿಳಿದಿರುವಾಗ ನಿಯಮವನ್ನು ನಂಬಿ ಅಷ್ಟನ್ನೇ ತೆಗೆಯುತ್ತಾ ಹೋಗಬೇಕು. ಭಯಪಡುವ ಸ್ವಭಾವದವರು ಅಲ್ಲಿ ಷೇರು ಮಾರಿಬಿಡುತ್ತಾರೆ.

ಅದಕ್ಕೇ ಮೊದಲ ದಿನವೇ 20 ಭಾಗಕ್ಕೆ ಏರುವ ಆನ್ಯುಯಿಟಿ ಕೊಂಡದ್ದು. ವರ್ಷಕ್ಕೆ 0.92 ಬರುತ್ತದೆ; ಅಗತ್ಯ ಖರ್ಚಿನಲ್ಲಿ ತುಂಬಬೇಕಾದದ್ದು 1.58ಕ್ಕೆ ಇಳಿಯುತ್ತದೆ, ಉಳಿದ 80ಕ್ಕೆ ಅನುಪಾತ 2.33. ಅದೇ ಎರಡು ಕೆಟ್ಟ ವರ್ಷ ಬಂದರೆ 80 ಎಂಬುದು 59.5 ಆಗುತ್ತದೆ, ಅನುಪಾತ 1.63. ಗೆರೆಗೆ ಇನ್ನೂ ದೂರ, ಬಿದ್ದ ಷೇರು ಮಾರುವ ಒತ್ತಡವಿಲ್ಲ. ಆ ವರ್ಷ ಪ್ರವಾಸದಂಥ ಖರ್ಚನ್ನು ಅರ್ಧ ಮಾಡಿದರೆ ತೆಗೆಯಬೇಕಾದದ್ದು 59.5ರಲ್ಲಿ 2.47, ಸುಮಾರು 4.2%. ಅಂಕಿ ಮುಖ್ಯವಲ್ಲ, ನಿಮ್ಮ ದರಗಳು ಬೇರೆ ಇರುತ್ತವೆ. ಚಿಕ್ಕ ಆರಂಭಿಕ ಖರೀದಿ ಅನುಪಾತವನ್ನು ಎಷ್ಟು ಮೇಲಕ್ಕೆತ್ತುತ್ತದೆ ಎಂಬುದನ್ನು ಗಮನಿಸಿ.

ಮುಂದಿನ ಖರೀದಿಗಳು 70 ಮತ್ತು 75ಕ್ಕೆ, ಪ್ರತಿ ಸಲ ಆಗ ಉಳಿದಿರುವ ಅಗತ್ಯ ಖರ್ಚಿನ ಅರ್ಧದಷ್ಟಕ್ಕೆ. ಅನುಪಾತ ಮೂರರ ಮೇಲಿದ್ದರೆ ಮುಂದೂಡಬಹುದು. 1.35 ಮುಟ್ಟಿದರೆ ವಯಸ್ಸು ನೋಡದೆ ಪೂರ್ತಿ ಕೊಳ್ಳಬೇಕು. ಈ ಅಳತೆಯ ದುರ್ಬಲ ಜಾಗ ಬಡ್ಡಿ ದರ. ಬಾಂಡ್ ಬಡ್ಡಿ ಇಳಿದರೆ ಹಣ ಕರಗದೆಯೇ ಅನುಪಾತ ಕುಸಿಯುತ್ತದೆ. ಅದಕ್ಕೆ ಬಾಂಡಿನ ಪಾಲನ್ನು ದೀರ್ಘಾವಧಿಯ ಬಾಂಡುಗಳಲ್ಲಿ ಇಟ್ಟಿದ್ದೇನೆ. ಬಡ್ಡಿ ಇಳಿದಾಗ ಅವುಗಳ ಬೆಲೆ ಏರಿ ದರದ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಬ್ಯಾಂಕ್ ಠೇವಣಿಗೆ ಆ ಗುಣವಿಲ್ಲ, ಎರಡು ವರ್ಷದ ಖರ್ಚಿನಷ್ಟು ಮಾತ್ರ ಅಲ್ಲಿರಲಿ.

ಕೊಳ್ಳುವಾಗ ಕಾಗದದಲ್ಲಿ ನೋಡಬೇಕಾದದ್ದು ಕಡಿಮೆ, ಆದರೆ ಬಿಡುವಂತಿಲ್ಲ. ಒಬ್ಬರು ತೀರಿಕೊಂಡ ಮೇಲೆ ಇನ್ನೊಬ್ಬರಿಗೆ ಬರುವುದು ಪೂರ್ತಿಯೋ ಅರ್ಧವೋ? ದರ ಹೆಚ್ಚು ಕಂಡರೆ ಅದು ಹಲವು ಸಲ ಅರ್ಧದ ಯೋಜನೆಯಾಗಿರುತ್ತದೆ. ಏರಿಕೆ ಹಿಂದಿನ ವರ್ಷದ ಮೊತ್ತದ ಮೇಲೋ, ಮೊದಲ ವರ್ಷದ ಮೊತ್ತದ ಮೇಲೋ? ಎರಡನೆಯದಾದರೆ 25 ವರ್ಷದಲ್ಲಿ 4.6 ಮುಟ್ಟುವುದು ಸುಮಾರು 8ನ್ನು. ಚಕ್ರಬಡ್ಡಿಯ ರೀತಿ ಏರಿದ್ದರೆ 9.6 ಆಗುತ್ತಿತ್ತು. ಮೂರು ಖರೀದಿಗಳನ್ನೂ ಒಂದೇ ಕಂಪನಿಯಲ್ಲಿ ಮಾಡಬೇಡಿ. ಇದು ಮೂವತ್ತು ವರ್ಷದ ಸಾಲ, ಸಾಲಗಾರ ಒಬ್ಬನೇ ಆಗಬಾರದು.

ಎಂಬತ್ತರ ವಯಸ್ಸಿನಲ್ಲಿ ಈ ಭಾಗಾಕಾರವನ್ನು ನಾನೇ ಮಾಡುತ್ತೇನೆಂಬ ಭರವಸೆ ಇಟ್ಟುಕೊಂಡಿಲ್ಲ. ಆದ್ದರಿಂದ 75ರ ಖರೀದಿಯ ನಂತರವೂ ಅಗತ್ಯ ಖರ್ಚಿನಲ್ಲಿ ಉಳಿದ ಪಾಲಿಗೆ, 80 ತುಂಬಿದ ವರ್ಷ, ಅನುಪಾತ ಎಷ್ಟೇ ಇರಲಿ ಆನ್ಯುಯಿಟಿ ಕೊಂಡುಬಿಡಬೇಕು ಎಂದು ಬರೆದು ಹೆಂಡತಿಗೂ ಮಗಳಿಗೂ ಪ್ರತಿ ಕೊಟ್ಟಿದ್ದೇನೆ. ಆಮೇಲೆ ಕೈಯಲ್ಲಿ ಉಳಿಯುವ ಹಣದಲ್ಲಿ ಯಾರಾದರೂ ಏನಾದರೂ ತಪ್ಪು ಮಾಡಿದರೂ ತಿಂಗಳ ಅಗತ್ಯ ಖರ್ಚಿಗೆ ಅದರ ಹಂಗಿರುವುದಿಲ್ಲ.